ಹೊಲಿಗೆ ಟೀಚರಮ್ಮನ ಕಟ್ಟಂ

ತಮಿಳು ಸೀಮೆಯ ಕಿಣತ್ತುಕಡವಿನ ಸಣ್ಣ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದ ರಾಧಮ್ಮ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಮಾತು ಕಡಿಮೆ, ಮರೆವು ಅದಕ್ಕಿಂತ ಕಡಿಮೆ.

ಟೈಮ್‌ಟೇಬಲ್ ಬರೆಯುವುದು ಗಣಿತದ ದಂಡಪಾಣಿಯ ಹಕ್ಕು. ಚಾರ್ಟುಗಳನ್ನು ಅಂಟಿಸಿ ಗೋಡೆ ತುಂಬ ಹರಡುತ್ತಿದ್ದ. ಒಂದು ಸಾಲು ಗೇಣಗಲ, ಇನ್ನೊಂದು ಬೆರಳಗಲ. ದಿನದ ಕೊನೆಯ ಪೀರಿಯಡ್ಡಿನಲ್ಲಿ ಮಾತ್ರ ಗೆರೆಗಳನ್ನೆಲ್ಲ ಬಿಟ್ಟು, ಆರನೇ ಕ್ಲಾಸಿನಿಂದ ಹತ್ತನೆಯದರವರೆಗೆ ಒಂದೇ ಚೌಕ ಮಾಡಿ ‘ಆಟ’ ಎಂದು ಬರೆದು, ತಾನು ಪೇಟೆಯ ಗಾಂಧಿಪುರಂ ಬಸ್ಸು ಹತ್ತಿ ಟ್ಯೂಷನ್ನಿಗೆ ಓಡುತ್ತಿದ್ದ. ಹೊಲಿಗೆಯೂ ಆ ಚೌಕದೊಳಗೇ ಮುಳುಗಿತ್ತು.

ಟೈಮ್‌ಟೇಬಲ್ಲಿನಲ್ಲಿ ಹೊಲಿಗೆ ಪೀರಿಯಡ್ ಕಾಣದಿದ್ದರೆ ಆ ಪೋಸ್ಟೇ ಇರುವುದಿಲ್ಲ ಎಂದು ಜಿಲ್ಲಾ ಕಚೇರಿ ಹೇಳಿತ್ತು. ರಾಧಮ್ಮ ಹೋಗಿ ದಂಡಪಾಣಿಯ ಹತ್ತಿರ ಹೊಲಿಗೆಗೊಂದು ಚೌಕ ಕೇಳಿದಳು. ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ಅವನು ನಕ್ಕ.

“ಹೊಲಿಗೆಗೆ ಯಾತಕ್ಕೆ ತನಿ ಕಟ್ಟಂ, ಅಮ್ಮಿಣಿ? ಮರದಡಿ ಕೂತು ಸೂಜಿ ಪೋಣಿಸು, ಸಾಕು.”

ತನಿ ಕಟ್ಟಂ ಎಂದರೆ ಪ್ರತ್ಯೇಕ ಚೌಕ, ಅಮ್ಮಿಣಿ ಎಂದರೆ ತಂಗಿ.  ಇರಲಿ, ನಿನಗೂ ಒಂದು ಕಾಲ ಬರುತ್ತದೆ ಅಂದುಕೊಂಡಳು ರಾಧಮ್ಮ.

ಬಂತು. ಇಡೀ ಶಾಲೆಯ ಟೈಮ್‌ಟೇಬಲ್ ಒಂದೇ ಫುಲ್‌ಸ್ಕೇಪ್ ಹಾಳೆಯಲ್ಲಿ ಬೇಕೆಂದು ಕಚೇರಿಯಿಂದ ಆಜ್ಞೆ. ದಂಡಪಾಣಿ ಕಿರಿದು ಮಾಡಲು ಹೋದರೆ ಅಗಲದ ಸಾಲು ಹಾಳೆಯಾಚೆ, ಸಣ್ಣ ಸಾಲಿನಲ್ಲಿ ಅಕ್ಷರವೇ ಹಿಡಿಯದು. ಬೇಸತ್ತ ಹೆಡ್‌ಮಿಸ್ಟ್ರೆಸ್ ಜಾನಕಿಯಮ್ಮ, “ರಾಧಮ್ಮಾ, ನೀನೆಳೆಯುವ ಗೆರೆ ನೇರ. ಪೀರಿಯಡ್ಡುಗಳನ್ನೂ ನೀನೇ ಸರಿಹೊಂದಿಸಿ ಬರಿ,” ಎಂದರು.

ಅವಳು ಮೊದಲು ಪೆನ್ಸಿಲಿನಲ್ಲಿ ಎಲ್ಲ ಸಾಲನ್ನೂ ಒಂದೇ ಎತ್ತರಕ್ಕೆ ಎಳೆದಳು: ಒಂದೊಂದು ಕ್ಲಾಸಿಗೆ ಐದು ದಿನದ ಐದು ಸಾಲು, ಮೇಲೆ ಪೀರಿಯಡ್ಡುಗಳು. ವಿಷಯಕ್ಕೆ ಎರಡೆರಡೇ ಅಕ್ಷರ. ಟೀಚರುಗಳ ಪೂರ್ತಿ ಹೆಸರು ಹಾಳೆಯ ಅಡಿಗೆ. ಸಾಲು ಉಬ್ಬಿಸುತ್ತಿದ್ದುದು ಆ ಉದ್ದನೆಯ ಹೆಸರುಗಳೇ. ಆಮೇಲೆ ಮಸಿ. ನಿಜವಾಗಿ ಎರಡು ಪೀರಿಯಡ್ ಬೇಕಾದ ವಿಜ್ಞಾನ ಪ್ರಯೋಗದಲ್ಲಿ ಮಾತ್ರ ನಡುವಿನ ಗೆರೆ ಎಳೆಯದೆ ಬಿಟ್ಟಳು. ಆಟದ ದೊಡ್ಡ ಚೌಕ ಒಡೆದು ಒಂದೊಂದು ಕ್ಲಾಸಿಗೆ ಹಂಚಿದಳು. ಹೊಲಿಗೆಗೆ ಹಗಲು ಬೆಳಕಿನ ಕಟ್ಟಂ.

ದಿನದ ಕೊನೆಯ ಪೀರಿಯಡ್ ಉಳಿಯಿತು. ಸೋಮವಾರ ಆರನೇ ಕ್ಲಾಸಿಗೆ ಗಣಿತ, ಮಂಗಳವಾರ ಏಳಕ್ಕೆ, ಹೀಗೇ ಶುಕ್ರವಾರ ಹತ್ತಕ್ಕೆ. ಎಲ್ಲಿಯೂ ಡಿಕ್ಕಿಯಿಲ್ಲ, ದಂಡಪಾಣಿಗೆ ಒಂದು ಪೀರಿಯಡ್ಡೂ ಹೆಚ್ಚಿಲ್ಲ. ಬರೆಯುವಾಗ ಅವಳಿಗೆ ಆದ ಸುಖ ಹಬ್ಬದೂಟದಲ್ಲೂ ಆಗಿರಲಿಲ್ಲ.

ಜಾನಕಿಯಮ್ಮ ಒಪ್ಪಿ ಸಹಿ ಹಾಕಿದರು. ಸ್ಟೆನ್ಸಿಲ್ಲಿನಲ್ಲಿ ಗೀರಿ, ಸೈಕ್ಲೋಸ್ಟೈಲ್ ಮಾಡಿ, ಎಲ್ಲರಿಗೂ ಹಂಚಿಯೂ ಆಯಿತು. ಹಾಳೆ ಹಿಡಿದ ದಂಡಪಾಣಿಯ ಮುಖ ಸುಟ್ಟ ಬದನೆಕಾಯಿ.

“ಏನಮ್ಮಿಣಿ ಇದು? ದಿನಾ ಕಡೇ ಪೀರಿಯಡ್ ನನ್ನದೇನಾ? ಬಸ್ಸು ಹೋಗ್ತದಲ್ಲ.”

ರಾಧಮ್ಮ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದಳು: “ನಿಮ್ಮಂಥ ದೊಡ್ಡೋರಿಗೆ ತನಿ ಕಟ್ಟಂ ಬೇಡವಾ ಅಣ್ಣಾ? ದಿನಕ್ಕೊಂದು ಕೊಟ್ಟಿದೀನಿ.”

ಹೊರಗೆ ಹೆದ್ದಾರಿಯಲ್ಲಿ ಗಾಂಧಿಪುರಂ ಬಸ್ಸು ಹಾರ್ನ್ ಹೊಡೆಯಿತು. ದಂಡಪಾಣಿ ಚಾಕ್‌ಪೀಸು ಎತ್ತಿಕೊಂಡು ಆರನೇ ಕ್ಲಾಸಿಗೆ ಹೋದ.