ಬಣ್ಣ ತಿಳಿಯಾದ ಮೇಲೆ

ಕೃಷ್ಣರಾಜಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಮೋಹನಾಚಾರಿಗೆ ಗಂಟಲು ಕೆಟ್ಟರೆ ಸಾಕು, ಮಾರನೆಯ ದಿನವೇ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಬೆಂಕಿಯ ಮುಂದೆ ಕೂತು ಉಷ್ಣವಾಗಿದೆ ಎಂದುಕೊಂಡು ಎಳನೀರು ಕುಡಿಯುತ್ತಿದ್ದ. ನಾಲ್ಕು ದಿನಕ್ಕೆ ಮೂತ್ರ ತಿಳಿಯಾಗುತ್ತಿತ್ತು, ಹೆಸರು ಎಳನೀರಿಗೆ ಬರುತ್ತಿತ್ತು.

ಮೂರನೆಯ ಸಲ ಹೆಂಡತಿ ಭೂಮಿಕ ಅವನನ್ನು ಬಿಡದೆ ಮೈಸೂರಿಗೆ ಕರೆದೊಯ್ದಳು. ಮೂತ್ರದಲ್ಲಿ ರಕ್ತವೂ ಪ್ರೋಟೀನೂ ಇತ್ತು, ಬಿ.ಪಿ.ಯೂ ಏರಿತ್ತು. ಸೂಜಿಯಿಂದ ಕಿಡ್ನಿಯ ಚೂರು ತೆಗೆಸಿ ಪರೀಕ್ಷೆ ಮಾಡಿಸಿದ ಡಾಕ್ಟರು ಐಜಿಎ ನೆಫ್ರೋಪತಿ ಎಂದರು.

"ಸೋಂಕಿನ ವಿರುದ್ಧ ಹೋರಾಡೋ ಐಜಿಎ ಅನ್ನೋ ಅಂಶ ನಿಮ್ಮ ಕಿಡ್ನಿಯ ಜರಡಿಯಲ್ಲಿ ಕೂತುಬಿಟ್ಟಿದೆ. ರಕ್ತದ ಕೆಂಪು ತಾನಾಗೇ ಹೋಗುತ್ತೆ, ಪ್ರೋಟೀನ್ ಸೋರೋದು ಕಣ್ಣಿಗೆ ಕಾಣಲ್ಲ. ಎಷ್ಟೋ ಜನ ಚೆನ್ನಾಗೇ ಇರ್ತಾರೆ. ಕೆಲವರಿಗೆ ವರ್ಷಗಳು ಕಳೆದ ಮೇಲೆ ಕಿಡ್ನಿ ಕೈಕೊಡುತ್ತೆ. ಈ ಬಿ.ಪಿ. ಮಾತ್ರೆ ಸೋರಿಕೆಯನ್ನೂ ತಗ್ಗಿಸುತ್ತೆ. ಉಪ್ಪು ಕಡಿಮೆ ಮಾಡಿ. ಸಾಲದಿದ್ರೆ ಸ್ಟೀರಾಯ್ಡ್ ಯೋಚಿಸೋಣ. ಆಗಾಗ ಮೂತ್ರ ಪರೀಕ್ಷೆ ಮಾಡಿಸೋದು ಮಾತ್ರ ತಪ್ಪಿಸಬೇಡಿ."

ಮಾತ್ರೆಯನ್ನೇನೋ ನುಂಗಿದ. ಪರೀಕ್ಷೆಯ ದಿನ ಬಂದಾಗ ಅಂಗಡಿಯಲ್ಲೇ ಹೆಂಡತಿಯ ಮೇಲೆ ರೇಗಿದ: "ನೀರಿನಂಗೆ ತಿಳಿಯಾಗೈತೆ ಕಣೇ, ಇನ್ಯಾಕೆ ಪರೀಕ್ಷೆ?"

ಅಷ್ಟರಲ್ಲಿ ಗಿರಾಕಿಯೊಬ್ಬಳು ಹಳೆಯ ಸರ ಚಾಚಿದಳು. "ಒಳ್ಳೇ ಚಿನ್ನ ಕಣಣ್ಣಾ, ಬಣ್ಣ ಎಂಗೈತೆ ನೋಡು."

"ಬಣ್ಣ ನೋಡಿ ನಂಬಕ್ಕಾಗಕಿಲ್ಲ ಕಣವ್ವಾ, ಉಜ್ಜಿ ನೋಡ್ಬೇಕು," ಎಂದು ಆಚಾರಿ ಒರೆಗಲ್ಲಿಗೆ ಕೈಚಾಚಿದ.

ಭೂಮಿಕ, ಲ್ಯಾಬಿನವರು ಮೂತ್ರಕ್ಕೆಂದು ಕೊಟ್ಟಿದ್ದ ಖಾಲಿ ಡಬ್ಬಿಯನ್ನು ತಂದು ಒರೆಗಲ್ಲಿನ ಪಕ್ಕದಲ್ಲಿಟ್ಟು ಒಳಗೆ ಹೋದಳು.