ತಂಗಿಗೆ ಹೈಬ್ರಿಡ್, ಗಿರಾಕಿಗೆ ಪೆಟ್ರೋಲ್

ರಶ್ಮಿಗೆ ಮೋಸ ಮಾಡುವುದು ಸುಲಭ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಗದಗದಿಂದ ಬಂದು ಆಸ್ಪತ್ರೆಗಳ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುವವಳು. ತುಮಕೂರು, ಚಿತ್ರದುರ್ಗ, ದಾವಣಗೆರೆ ಎಂದು ವಾರದಲ್ಲಿ ನಾಲ್ಕು ದಿನ ಹೈವೇಯಲ್ಲೇ ಇರುತ್ತಾಳೆ. ಜೋಗುಪಾಳ್ಯದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ವರ್ಷಗಳಿಂದ ಇದ್ದೇವೆ. ಟೊಮೇಟೊ ಮಾರುವವನ ತಕ್ಕಡಿಯನ್ನೂ ಒಮ್ಮೆ ಎತ್ತಿ ನೋಡುವ ಹುಡುಗಿ ಅವಳು. ಅವಳು ಕಣ್ಮುಚ್ಚಿ ನಂಬಿದ್ದು ಒಬ್ಬನನ್ನೇ, ರಾಜಶೇಖರನನ್ನು.

ರಾಜಶೇಖರ ಗದಗದಲ್ಲಿ ಅವಳ ಓಣಿಯವನು. ಕೆ.ಆರ್. ಪುರದ ಹತ್ತಿರದ ಕಾರ್ ಶೋರೂಮಿನಲ್ಲಿ ಸೇಲ್ಸ್ ಕೆಲಸ. ಪಂಚಮಿ ಬಂದರೆ ಊರಿನಿಂದ ಡಬ್ಬಿ ತುಂಬ ಉಂಡಿ ತಂದು ಕೊಡುತ್ತಿದ್ದ. ಅವಳ ಬಾಯಲ್ಲಿ ಅವನು ಬರೀ 'ಅಣ್ಣ', ಹೆಸರೇ ಇಲ್ಲ. ನನಗೆ ಅವನ ಹಲ್ಲುಕಿರಿತ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ, ಆ ಮಾತು ಬೇರೆ.

ಹಳೆಯ ಕಾರು ಕೈಕೊಟ್ಟಾಗ ಅವಳು ಅಣ್ಣನ ಬಳಿಗೇ ಹೋದಳು. ನಾನೂ ಜೊತೆಗಿದ್ದೆ. ಬೇಕಾಗಿದ್ದ ಮಾದರಿಯಲ್ಲಿ ಪೆಟ್ರೋಲ್ ಒಂದು, ಪೆಟ್ರೋಲಿನ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಒಂದು. ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿ ಹೈಬ್ರಿಡ್‌ಗೆ ಸುಮಾರು ನಾಲ್ಕು ಲಕ್ಷ ಹೆಚ್ಚು. ಆ ನಾಲ್ಕು ಲಕ್ಷ ಅವಳ ಹತ್ತಿರ ಇತ್ತು. ಲಿಂಗರಾಜಪುರದಲ್ಲಿ ತಾನೊಬ್ಬಳೇ ಇರಲು ಒಂದು ಮನೆಯನ್ನು ಲೀಸಿಗೆ ಹಿಡಿಯಬೇಕೆಂದು ಕೂಡಿಟ್ಟ ಹಣದ ಭಾಗ ಅದು. ಅಡುಗೆಮನೆಗೆ ಬಿಸಿಲು ಬೀಳುವ ಮನೆ, ನೋಡಿಯೂ ಬಂದಿದ್ದಳು.

ರಾಜಶೇಖರ ನಮ್ಮನ್ನು ಹೈಬ್ರಿಡ್‌ನಲ್ಲಿ ಕೂರಿಸಿಕೊಂಡು ಹಲಸೂರು, ಇಂದಿರಾನಗರ ಸುತ್ತಿಸಿದ. ಸಿಗ್ನಲ್ಲಿಗೆ ನಿಂತರೆ ಎಂಜಿನ್ ಸದ್ದೇ ಇಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿ ತುಂಬುತ್ತಿತ್ತು. ಮೀಟರಿನಲ್ಲಿ ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್.

"ಪೆಟ್ರೋಲ್ ಗಾಡಿ ಇದೇ ರೋಡಿಗೆ ಹನ್ನೆರಡು ಕೊಡತೈತಿ. ನೀ ಓಡಸೂದು ಎಷ್ಟು! ಮೂರು ವರ್ಷದಾಗ ನಿನ್ನ ರೊಕ್ಕ ವಾಪಸ್, ತಂಗಿ. ಮನಿ ಮೂರು ವರ್ಷ ತಡಾ ಆದ್ರ ಏನಾತು?" ಎಂದ.

"ಇನ್ನೊಬ್ರನ್ನ ಕೇಳೋಣ ಕಣೇ," ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ.

"ಅಣ್ಣ ಹೇಳಿದ ಮ್ಯಾಲೆ ಇನ್ನೇನು?" ಎಂದು ಚೆಕ್ ಬರೆದಳು. ಲಿಂಗರಾಜಪುರದ ಮನೆ ಬೇರೆಯವರ ಪಾಲಾಯಿತು.

ಹೈವೇಯಲ್ಲಿ ಆ ಮೀಟರ್ ಹತ್ತೊಂಬತ್ತರ ಮೇಲೆ ಏರಲೇ ಇಲ್ಲ. ತನ್ನ ಕಾಲು ಭಾರವಿರಬೇಕು ಎಂದುಕೊಂಡು ಅವಳು ಚಕ್ರಗಳ ಗಾಳಿ ನೋಡಿಸಿದಳು, ನಿಧಾನಕ್ಕೆ ಓಡಿಸಿದಳು, ಸೆಕೆಯಲ್ಲೂ ಏಸಿ ಆರಿಸಿಕೊಂಡು ಬೆವರಿದಳು. ತಪ್ಪು ತನ್ನದೇ ಎಂದು ಒಂದು ವರ್ಷ ಕೊರಗಿದಳು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸರ್ವೀಸಿಗೆ ಕಾರು ಬಿಡಲು ಹೋದ ದಿನ ಅಣ್ಣನನ್ನು ಮಾತಾಡಿಸೋಣ ಎಂದು ಒಳಗೆ ಹೋದೆವು. ಅವನು ನಮಗೆ ಬೆನ್ನು ಮಾಡಿ ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದ. ನಾವು ಹಿಂದೆಯೇ ನಿಂತೆವು.

"ಸರ್, ನೀವು ಹೊಸೂರು-ಸೇಲಂ ಹೈವೇಲೇ ಜಾಸ್ತಿ ಓಡಿಸ್ತೀನಿ ಅಂತೀರಿ. ಹಂಗಾದ್ರೆ ಹೈಬ್ರಿಡ್ ಬೇಡ. ಅದು ಸಿಟಿ ಟ್ರಾಫಿಕ್‌ಗೆ ಚೆನ್ನಾಗಿ ವರ್ಕ್ ಆಗುತ್ತೆ. ಹೈವೇಲಿ ಒಂದೇ ಸ್ಪೀಡಲ್ಲಿ ಹೋದ್ರೆ ಬ್ರೇಕ್ ಎಲ್ಲಿ ಸರ್, ಬ್ಯಾಟರಿ ತುಂಬೋದೆಲ್ಲಿ? ಬಹುತೇಕ ಎಂಜಿನ್ನೇ ಎಳೀಬೇಕು. ಪೆಟ್ರೋಲ್ ಹದಿನೈದು ಕೊಡುತ್ತೆ, ಇದು ಹತ್ತೊಂಬತ್ತು. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡಿಸಿದ್ರೂ ಹೆಚ್ಗೆ ಕೊಟ್ಟಿದ್ದು ವಾಪಸ್ ಬರೋಕೆ ಒಂಬತ್ತು ವರ್ಷ ಬೇಕು. ಸುಮ್ನೆ ಯಾಕೆ ದುಡ್ಡು ಹಾಕ್ತೀರಾ?"

ಒಂದು ಮಾತೂ ಸುಳ್ಳಲ್ಲ. ನಮಗೆ ಹೇಳಿದ್ದೂ ಸುಳ್ಳಲ್ಲ, ಅದು ಹಲಸೂರಿನ ಸಿಗ್ನಲ್ಲಿನ ಲೆಕ್ಕ, ಅಷ್ಟೇ. ಅವಳು ಓಡುವ ರಸ್ತೆ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗಿರಾಕಿ ಎದ್ದು ಹೋದ. ನಮ್ಮ ಕಡೆ ತಿರುಗಿದ ರಾಜಶೇಖರನ ಮುಖ ಬಿಳಿಚಿಕೊಂಡಿತು.

"ತಂಗಿ, ಅವಾಗ ಯಾರೋ ಬುಕಿಂಗ್ ಕ್ಯಾನ್ಸಲ್ ಮಾಡಿದ ಹೈಬ್ರಿಡ್ ಯಾರ್ಡಿನಾಗ ನಿಂತಿತ್ತು. ತಿಂಗಳ ಕೊನಿ, ಮ್ಯಾನೇಜರ್ ತಲಿ ಮ್ಯಾಲೆ ಕುಂತಿದ್ದ. ಬ್ಯಾರೆ ಗಿರಾಕಿ ಆದ್ರ ನೂರಾಎಂಟು ಪ್ರಶ್ನೆ ಕೇಳ್ತಾರ. ನೀ ಆದ್ರ..." ಎಂದು ನಿಲ್ಲಿಸಿದ.

"ನಾ ಆದ್ರ?"

"ನೀ ಕೇಳೂದಿಲ್ಲ ಅಂತ ಗೊತ್ತಿತ್ತು."

ಅಲ್ಲೇ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು ನನಗೆ. ರಶ್ಮಿ ಕೂಗಾಡಲಿಲ್ಲ. ಗಿರಾಕಿ ಎದ್ದುಹೋದ ಕುರ್ಚಿಯನ್ನು ಎಳೆದುಕೊಂಡು ಕುಳಿತಳು. ಕಣ್ಣು ತುಂಬಿದ್ದರೂ ಧ್ವನಿ ನೆಟ್ಟಗಿತ್ತು.

"ಸರ್, ನಾನು ವಾರದಾಗ ನಾಲ್ಕು ದಿನ ಹೈವೇದಾಗ ಗಾಡಿ ಓಡಸ್ತೀನ್ರಿ. ಯಾವುದು ತಗೋಬೇಕು, ಸ್ವಲ್ಪ ಹೇಳ್ರಿ."

"ರಶ್ಮಿ, ಹಂಗ ಮಾತಾಡಬ್ಯಾಡ..."

"ಹೇಳ್ರಿ ಸರ್."

ಅವನು ತಲೆ ತಗ್ಗಿಸಿದ. ಅವಳನ್ನು ಹುಟ್ಟಿದಾಗಿನಿಂದ ನೀನು ಎಂದೇ ಕರೆದವನು, "ಪೆಟ್ರೋಲ್ ತಗೋರಿ, ಮೇಡಂ," ಎಂದ.