ಅರ್ಧ ನಿಮಿಷ ತಡವಾಗಿ ಸೋಬಾನೆ

ನಮ್ಮ ಇಂಟರ್ನೆಟ್ ರೇಡಿಯೋ ಇರುವುದು ಆಲ್ದೂರಿನಲ್ಲಿ, ನನ್ನ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮೈಕಿನ ಮುಂದೆ ಅತ್ತಿಗೆ, ತಂತಿಗಳ ಹಿಂದೆ ನಾನು. ಕೇಳುಗರು ಹೊಗಳಿದರೆ ಅದು ಅತ್ತಿಗೆಗೆ, ಬೈದರೆ ನನಗೆ. ಬೈಗುಳಕ್ಕೇನೂ ಬರವಿರಲಿಲ್ಲ. ಮೊದಮೊದಲು ನೂರಿಪ್ಪತ್ತೆಂಟು ಕಿಲೋಬಿಟ್‌ನ ಒಂದೇ ಧಾರೆ ಬಿಡುತ್ತಿದ್ದೆ. ಪೇಟೆಯಲ್ಲಿ ಹಾಡು ಇಂಪಾಗಿ ಕೇಳುತ್ತಿತ್ತು. ಸಿಗ್ನಲ್ ಸಣಕಲಾದ ಎಸ್ಟೇಟುಗಳಲ್ಲಿ ಮಾತ್ರ ಒಂದು ಸಾಲು ಬಂದರೆ ಎರಡು ಸಾಲು ನಾಪತ್ತೆ.

ಆಮೇಲೆ ಬುದ್ಧಿ ಬಂತು. ಒಂದೇ ಕಾರ್ಯಕ್ರಮವನ್ನು ತೊಂಬತ್ತಾರು, ನಲವತ್ತೆಂಟು, ಇಪ್ಪತ್ತನಾಲ್ಕು ಕಿಲೋಬಿಟ್ ಎಂದು ದನಿಯ ಮೂರು ದರ್ಜೆಗಳಲ್ಲಿ, ಆರಾರು ಸೆಕೆಂಡಿನ ತುಂಡುಗಳಾಗಿ ಕಳಿಸಲು ಶುರುಮಾಡಿದೆ. ಹಿಂದಿನ ತುಂಡು ಎಷ್ಟು ಬೇಗ ಬಂತೆಂದು ನೋಡಿ, ಮುಂದಿನದನ್ನು ಯಾವ ದರ್ಜೆಯಲ್ಲಿ ತರಿಸಬೇಕೆಂದು ಕೇಳುಗರ ಫೋನೇ ನಿರ್ಧರಿಸುತ್ತದೆ. ಅದು ಒಂದಿಷ್ಟು ತುಂಡುಗಳನ್ನು ಕೂಡಿಟ್ಟುಕೊಂಡೇ ಬಾಯಿ ಬಿಡುವುದರಿಂದ ನಾವು ಆಡಿದ ಮಾತು ಊರಿಗೆ ಅರ್ಧ ನಿಮಿಷ ತಡವಾಗಿ ಮುಟ್ಟುತ್ತದೆ. ಮುಟ್ಟಲಿ, ಯಾರಿಗೇನು ಅವಸರ ಎಂದುಕೊಂಡಿದ್ದೆ.

ಅವಸರ ಬಂದದ್ದು ದೊಡ್ಡಮ್ಮನಿಗೆ. ಸಂಸೆಯಲ್ಲಿ ಮೊಮ್ಮಗಳ ಮದುವೆ. ಅರಿಶಿನ ಹಚ್ಚುವಾಗ ಸೋಬಾನೆಯ ಸಾಲನ್ನು ದೊಡ್ಡಮ್ಮ ಎತ್ತಬೇಕು, ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ನಮ್ಮ ಮನೆತನದಲ್ಲಿ ಅವಳು ಸೊಲ್ಲೆತ್ತದೆ ಯಾವ ಹುಡುಗಿಯೂ ಹಸೆಗೆ ಕೂತಿಲ್ಲ. ಇದೇ ಹೊತ್ತಿಗೆ ಇಲ್ಲಿ ಆಲ್ದೂರಿನ ಮನೆಯಂಗಳದಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಘಾಟಿಯ ತಿರುವುಗಳಲ್ಲಿ ಜೀಪು ಹತ್ತುವ ಮಾತೇ ಇರಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ.

"ನಮ್ಮದೇ ರೇಡಿಯೋ ಇಲ್ವಾ ದೊಡ್ಡಮ್ಮ? ಇಲ್ಲಿಂದ್ಲೇ ಹಾಡು" ಎಂದೆ.

ತಾಲೀಮಿಗೆ ಕೂರಿಸಿದೆವು. ಸಂಸೆಯ ಹೆಂಗಸರು ಅವಳನ್ನು ರೇಡಿಯೋದಲ್ಲಿ ಕೇಳುವುದು, ಉತ್ತರವನ್ನು ಫೋನಿನಲ್ಲಿ ಹಾಡುವುದು. ದೊಡ್ಡಮ್ಮ ಒಂದು ಸಾಲು ಹಾಡಿ ಕಾದಳು. ಕಾದು ಸಾಕಾಗಿ ಎರಡನೆಯದು, ಮೂರನೆಯದು ಎತ್ತಿದಳು. ಆಗ ಆ ಕಡೆಯಿಂದ ಮೊದಲ ಸಾಲು ಸಾವಕಾಶವಾಗಿ ಬಂತು.

"ಎಂತ ಮಾರಾಯ ಇದು! ನಾನು ಧಾರೆಗೆ ಬಂದ್ರೂ ಇವ್ರು ಇನ್ನೂ ಚಪ್ಪರ ಹಾಕ್ತಿದಾರಲ್ಲ!"

ನನಗೂ ಹಟ ಬಂತು. ತುಂಡುಗಳನ್ನು ಎರಡು ಸೆಕೆಂಡಿಗೆ ಇಳಿಸಿದೆ. ತಡವೇನೋ ತಗ್ಗಿತು, ಆದರೆ ಕೂಡಿಟ್ಟ ದಾಸ್ತಾನೂ ತಗ್ಗಿತು. ಸಂಸೆಯ ಸಿಗ್ನಲ್ ಒಮ್ಮೆ ಕಣ್ಣು ಮುಚ್ಚಿದರೆ ಸಾಕು, ಹಾಡು ತುಂಡು ತುಂಡು. ಅಷ್ಟು ಮಾಡಿಯೂ ಸಾಲಿನ ನಡುವೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಬಿಡುವು ಉಳಿದೇ ಇತ್ತು.

ಅತ್ತಿಗೆ ತಲೆ ಚಚ್ಚಿಕೊಂಡಳು. "ಹಾಡೋರಿಗೆ ಬೇಗ ಕೇಳ್ಬೇಕು, ಕೇಳೋರಿಗೆ ನಿಲ್ಲದೆ ಕೇಳ್ಬೇಕು. ಎರಡನ್ನೂ ಒಂದೇ ದಾರೀಲಿ ಕಳ್ಸೋದು ಯಾಕೆ? ಫೋನಿದ್ಯಲ್ಲ, ಆ ಕಡೆಗೂ ಅದ್ರಲ್ಲೇ ಕಳ್ಸಿ."

ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ರೇಡಿಯೋದ ಹುಚ್ಚಿನಲ್ಲಿ ಫೋನಿಗೆ ಕಿವಿಯೂ ಬಾಯಿಯೂ ಎರಡೂ ಇರುವುದೇ ಮರೆತುಹೋಗಿತ್ತು. ತುಂಡುಗಳನ್ನು ಮತ್ತೆ ಆರು ಸೆಕೆಂಡು ಮಾಡಿದೆ. ಸಂಸೆಯವರ ದನಿ ಅವರಿಗೇ ವಾಪಸು ಹೋಗದ ಹಾಗೆ ದನಿ ಬೆರೆಸುವ ಮಿಕ್ಸರಿನಲ್ಲಿ ದೊಡ್ಡಮ್ಮನ ದನಿಯೊಂದನ್ನೇ ಫೋನಿಗೆ ಕೊಟ್ಟೆ. ಎರಡೂ ಕಡೆಯ ದನಿ ಸೇರಿ ರೇಡಿಯೋಗೆ ಹೋಯಿತು.

ಮದುವೆ ಮನೆಯಲ್ಲಿ ಅರಿಶಿನದ ಬಟ್ಟಲು ಬಂತು. ದೊಡ್ಡಮ್ಮ ಸೊಲ್ಲೆತ್ತಿದಳು, ಹೆಂಗಸರು ತಕ್ಷಣ ಹಿಡಿದರು. ನಾನು ಬೀಗುವಷ್ಟರಲ್ಲಿ ಫೋನಿನಲ್ಲಿ ಸಂತೆ ಎದ್ದಿತು. ಹತ್ತಾರು ದೊಡ್ಡಮ್ಮಂದಿರು, ಒಬ್ಬಳು ಹಿಂದೆ, ಇನ್ನೊಬ್ಬಳು ಅವಳಿಗಿಂತ ಹಿಂದೆ! ಅಭಿಮಾನಕ್ಕೆ ನೆಂಟರೆಲ್ಲ ಚಪ್ಪರದಲ್ಲೇ ತಮ್ಮ ತಮ್ಮ ಮೊಬೈಲಿನಲ್ಲಿ ನಮ್ಮ ರೇಡಿಯೋ ಹಚ್ಚಿಕೊಂಡಿದ್ದರು. ಒಂದೊಂದು ಫೋನಿನ ತಡ ಒಂದೊಂದು ಥರ.

"ರೇಡಿಯೋ ಆರ್ಸ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಕೇಳಬೇಡಿ!" ಎಂದು ಅತ್ತಿಗೆ ದೊಡ್ಡಮ್ಮನ ಮೈಕಿಗೇ ಬಾಗಿ ಕಿರುಚಿದಳು. ಕೇಳುಗರನ್ನು ಓಡಿಸಿದ ರೇಡಿಯೋ ನಿರೂಪಕಿ ಅವಳೊಬ್ಬಳೇ ಇರಬೇಕು. ಆ ಕಿರುಚಾಟವೂ ಪ್ರಸಾರವಾಯಿತು.

ಆಮೇಲೆ ಸರಾಗ. ದೊಡ್ಡಮ್ಮ ಎತ್ತುವುದು, ಸಂಸೆ ತಿರುಗಿ ಹೇಳುವುದು. ಕೊನೆಯ ಸಾಲಾದ ಮೇಲೆ ಮೊಮ್ಮಗಳು "ಅಜ್ಜಿ, ಅರಿಶಿನ ಹಚ್ಚಿ ಆಯ್ತು" ಎಂದಳು. ಕರೆ ಕಡಿದುಹೋಯಿತು. ಕೋಣೆ ಇದ್ದಕ್ಕಿದ್ದಂತೆ ಬಿಕೋ ಎಂದಿತು. ದೊಡ್ಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ನಾನು ನನ್ನ ಮೊಬೈಲಿನಲ್ಲಿ ನಮ್ಮ ರೇಡಿಯೋ ಹಚ್ಚಿ ಅವಳ ಮಡಿಲಲ್ಲಿಟ್ಟೆ. ಅರ್ಧ ನಿಮಿಷ ಹಿಂದಿದ್ದ ಅದರಲ್ಲಿ ಹಾಡು ಇನ್ನೂ ಮುಗಿದಿರಲಿಲ್ಲ. ಅವಳ ಕೊನೆಯ ಸೊಲ್ಲು, ಅದರ ಹಿಂದೆಯೇ ಮಗಳು, ಸೊಸೆಯಂದಿರು, ನಾದಿನಿ, ಆಮೇಲೆ ಮೊಮ್ಮಗಳು. ಬಗ್ಗಿ ಕಿವಿಗೊಟ್ಟು ಕೇಳಿದಳು.

"ಹೌದಾ ಮಾರಾಯ," ಕಣ್ಣೊರೆಸಿಕೊಳ್ಳುತ್ತ ಕೇಳಿದಳು, "ಇದು ಇನ್ನೂ ಸ್ವಲ್ಪ ತಡ ಆಗೋ ಹಾಗೆ ಮಾಡೋಕಾಗಲ್ವಾ?"